ಇನ್ನೂ ಸ್ವಲ್ಪ ಕಡಿಮೆ ಮಾಡಿ ಎಂದಾಗ

ಮದುವೆ ಜವಳಿ ತೆಗೆಯಲು ಬಂದ ಮನೆಯವರು ಮಧ್ಯಾಹ್ನವಿಡೀ ಕೂತು ಸೀರೆ ಬಿಚ್ಚಿಸಿದರೂ ಅಂಗಡಿಯವರ ಮುಖದ ನಗು ಮಾಸುವುದಿಲ್ಲ. ಕಾಫಿ ಬರುತ್ತದೆ, ಮಕ್ಕಳ ಕೈಗೆ ಬಿಸ್ಕತ್ತು ಬರುತ್ತದೆ, ಮೇಲಿನ ಕಪಾಟಿನ ಕೊನೆಯ ಕಟ್ಟೂ ಕೆಳಗಿಳಿಯುತ್ತದೆ. ಮಾತು ಕೆಡುವುದು ಬಿಲ್ಲಿನ ಮೇಜಿನ ಹತ್ತಿರ, ಕೊನೆಯ ಐದು ನಿಮಿಷದಲ್ಲಿ. "ಇಷ್ಟೊಂದು ತಗೊಂಡಿದ್ದೀವಿ, ಇನ್ನೂ ಸ್ವಲ್ಪ ಕಡಿಮೆ ಮಾಡಿ" ಎಂದು ಗಿರಾಕಿ ಕೇಳುತ್ತಾರೆ. "ಆಗಲ್ಲಮ್ಮ, ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ" ಎಂಬ ಉತ್ತರ ಬರುತ್ತದೆ. ಆರಿಸಿದ ಸೀರೆಗಳೆಲ್ಲ ಮೇಜಿನ ಮೇಲೆ ಉಳಿಯುತ್ತವೆ, ಮನೆಯವರು ಎದ್ದು ಎದುರಿನ ಅಂಗಡಿಗೆ ನಡೆಯುತ್ತಾರೆ.

ಈ ಉತ್ತರದಲ್ಲಿ ಸುಳ್ಳಿಲ್ಲ. ಆ ಬೆಲೆಗೆ ಕೊಡಲು ಅಂಗಡಿಗೆ ನಿಜಕ್ಕೂ ಆಗದಿರಬಹುದು. ಆದರೆ ಕೇಳಿದವರಿಗೆ ಅದರಲ್ಲಿ ಇನ್ನೊಂದು ದಾರಿ ಕಾಣುವುದಿಲ್ಲ. ಒಪ್ಪಿದರೆ ಸೋತಂತೆ, ಬಿಟ್ಟರೆ ಮಧ್ಯಾಹ್ನವೆಲ್ಲ ದಂಡ. ಸೋತವರಂತೆ ದುಡ್ಡು ಎಣಿಸಿಕೊಡಲು ಯಾರಿಗೂ ಮನಸ್ಸಾಗದು, ಅದೂ ಬೀಗರ ಮುಂದೆ. ಅದೇ ನಿರಾಕರಣೆಯನ್ನು ಗಟ್ಟಿಯಾಗಿಯೇ ಉಳಿಸಿಕೊಂಡು, ಜೊತೆಗೆ ಅಂಗಡಿಗೆ ಕಡಿಮೆ ಖರ್ಚಿನ, ಗಿರಾಕಿಗೆ ಹೆಚ್ಚು ಉಪಯೋಗದ ಇನ್ನೊಂದನ್ನು ಮುಂದಿಡುವುದು ಹೇಗೆ ಎಂಬುದು ಇಲ್ಲಿನ ವಿಷಯ. ಮಾತು ಸಿಹಿಯಾಗಿದ್ದರೆ ಸಾಕು ಎಂದುಕೊಂಡವರು ಇಲ್ಲಿ ಎಡವುತ್ತಾರೆ. ಮೊದಲು ಲೆಕ್ಕ ಗೊತ್ತಿರಬೇಕು.

ಶಿವಮೊಗ್ಗದಂಥ ಊರಿನ ನಡುತರದ ಜವಳಿ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ಮಗಳ ಮದುವೆ ಇಟ್ಟುಕೊಂಡಿರುವ ತಾಯಿ ಬಂಧುಗಳಿಗೆ ಉಡುಗೊರೆ ಕೊಡಲು ತಲಾ 1,200 ರೂಪಾಯಿಯ 20 ಸೀರೆ ಆರಿಸಿದ್ದಾರೆ. ಒಟ್ಟು 24,000. ಅಂಗಡಿಗೆ ಸಾಗಣೆಯೂ ಸೇರಿ ಒಂದು ಸೀರೆಯ ಅಸಲು 900 ಬಿದ್ದಿದೆ ಎನ್ನೋಣ, 20ಕ್ಕೆ 18,000. ತೆರಿಗೆಯ ಮಾತು ಸದ್ಯಕ್ಕೆ ಬದಿಗಿರಲಿ. ಬಾಡಿಗೆ, ಸಂಬಳ, ಕರೆಂಟು, ಬ್ಯಾಂಕಿನ ಬಡ್ಡಿ ಇವನ್ನೆಲ್ಲ ವರ್ಷದ ಮಾರಾಟಕ್ಕೆ ಹಂಚಿದರೆ ನೂರಕ್ಕೆ 12 ರೂಪಾಯಿ ಬರುತ್ತದೆ. ಅಂದರೆ ಈ 24,000ದ ಮಾಲಿನ ಪಾಲಿಗೆ 2,880.

ಅಂಗಡಿಯವರು ಈಗಾಗಲೇ ನೂರಕ್ಕೆ 5 ಬಿಟ್ಟಿದ್ದಾರೆ. ಬಿಲ್ಲು 22,800ಕ್ಕೆ ಇಳಿದಿದೆ. ಅಸಲು ಕಳೆದರೆ 4,800, ಖರ್ಚನ್ನೂ ಕಳೆದರೆ ಕೈಯಲ್ಲಿ ಉಳಿಯುವುದು 1,920. ತಾಯಿ ಕೇಳುತ್ತಿರುವುದು ನೂರಕ್ಕೆ 10. ಅವರ ಕಣ್ಣಿಗೆ ಅದು ಇನ್ನೊಂದು ಐದು ಅಷ್ಟೆ, 1,200 ರೂಪಾಯಿಯ ಮಾತು. ಆದರೆ ಆ 1,200 ಹೋಗುವುದು ಬಿಲ್ಲಿನ ಮೊತ್ತದಿಂದಲ್ಲ, ಉಳಿದಿದ್ದ 1,920ರಿಂದ. ಉಳಿಯುವುದು 720. ನೂರಕ್ಕೆ 15 ಕೊಟ್ಟರೆ 480 ರೂಪಾಯಿ ಕೈಯಿಂದಲೇ ಹೋಗುತ್ತದೆ. ರಿಯಾಯಿತಿ ನೂರಕ್ಕೆ ಐದರಂತೆ ಬೆಳೆದರೆ ಲಾಭ ಅರ್ಧಕ್ಕಿಂತ ಹೆಚ್ಚು ಒಮ್ಮೆಲೇ ಕರಗುವುದು ಹೀಗೆ.

ಈ ಲೆಕ್ಕ ಗಿರಾಕಿಗೆ ಹೇಳುವುದಕ್ಕಲ್ಲ, ಅಂಗಡಿಯವರು ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೆ. ಇದು ಗೊತ್ತಿಲ್ಲದವರು ಎರಡು ತಪ್ಪಿನಲ್ಲಿ ಒಂದನ್ನು ಮಾಡುತ್ತಾರೆ. ಹೆದರಿ ಬಿಟ್ಟುಕೊಡುತ್ತಾರೆ, ಇಲ್ಲವೇ ಹೆದರಿ ಗದರುತ್ತಾರೆ. ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದವರ ದನಿ ಏರುವುದಿಲ್ಲ.

ಈಗ ಮೊದಲಿನ ಉತ್ತರವನ್ನೇ ತಿದ್ದೋಣ. "ಆಗಲ್ಲಮ್ಮ, ಬೇಕಾದ್ರೆ ತಗೊಳ್ಳಿ" ಎಂಬುದರ ಜಾಗದಲ್ಲಿ ಹೀಗೆ ಹೇಳಬಹುದು: "ಅಮ್ಮಾ, ಇಪ್ಪತ್ತು ಸೀರೆ ನಮ್ಮಲ್ಲೇ ತೆಗೆದಿದ್ದೀರಿ ಅಂತಲೇ ಬಿಲ್ಲಿಗೆ ಬರೋ ಮುಂಚೆ ನೂರಕ್ಕೆ ಐದು ಬಿಟ್ಟೆ. ಅದಕ್ಕಿಂತ ಕೆಳಗೆ ಇಳಿಯೋಕೆ ಈ ಮಾಲಿನಲ್ಲಿ ನನಗೆ ಆಗಲ್ಲ. ಆದರೆ ಒಂದು ಮಾಡ್ತೀನಿ. ಉಡುಗೊರೆ ಸೀರೆ ಯಾವಾಗಲೂ ಒಂದೆರಡು ಮಿಗುತ್ತೆ. ಮದುವೆ ಆದ ಮೇಲೆ ಹದಿನೈದು ದಿನದೊಳಗೆ ಮಡಿಕೆ ಬಿಚ್ಚದೆ ತನ್ನಿ, ನಿಮಗೆ ಬೇಕಾದ ಬೇರೆ ಸೀರೆಗೆ ಬದಲಾಯಿಸಿ ಕೊಡ್ತೀನಿ."

ನಿರಾಕರಣೆ ಇಲ್ಲಿ ಮೃದುವಾಗಿಲ್ಲ ಎಂಬುದನ್ನು ಗಮನಿಸಿ. "ಆಗಲ್ಲ" ಎಂಬ ಮಾತು ಹಾಗೆಯೇ ಇದೆ. ಅದರ ಹಿಂದೆ ಈಗಾಗಲೇ ಕೊಟ್ಟಿದ್ದು ಬಂತು, ಮುಂದೆ ಕೊಡಬಹುದಾದ್ದು ಬಂತು. ಸಂಧಾನದ ಬಗ್ಗೆ ಬರೆದು ಹೆಸರಾದ ಅಮೆರಿಕದ ವಿಲಿಯಂ ಯೂರಿ 2007ರಲ್ಲಿ ಒಂದು ಇಡೀ ಪುಸ್ತಕವನ್ನೇ ಇದಕ್ಕೆ ಮೀಸಲಿಟ್ಟರು. ಒಳ್ಳೆಯ 'ಇಲ್ಲ' ಎರಡು 'ಹೌದು'ಗಳ ನಡುವೆ ಕೂರುತ್ತದೆ ಎಂಬುದು ಅವರ ವಾದದ ತಿರುಳು. ನಮ್ಮ ಹಳೆಯ ವ್ಯಾಪಾರಿಗಳು ಪುಸ್ತಕವಿಲ್ಲದೆಯೇ ಇದನ್ನು ಮಾಡುತ್ತಿದ್ದರು. ಅಳತೆಯ ದರ ಇಳಿಸದೆ, ಸೇರು ತುಂಬಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದರು. ದರ ಹಾಗೇ ಉಳಿಯಿತು, ಕೊಂಡವರಿಗೂ ಏನೋ ಹೆಚ್ಚು ಸಿಕ್ಕಿತು.

ಬದಲಿಗೆ ಏನು ಕೊಡಬೇಕು ಎಂಬುದೇ ಇಲ್ಲಿ ಕಷ್ಟದ ಭಾಗ. ಮನಸ್ಸಿಗೆ ಮೊದಲು ಬರುವುದು "ಎಲ್ಲ ಸೀರೆಗೂ ಫಾಲ್ಸ್, ಪಿಕೋ ಫ್ರೀ" ಎಂಬ ಮಾತು. ಕೇಳಲು ಉದಾರವಾಗಿದೆ. ಆದರೆ ಟೈಲರ್‌ಗೆ ಅಂಗಡಿ ಕೊಡುವುದು ಸೀರೆಗೆ 60 ರೂಪಾಯಿ ಎಂದಾದರೆ 20ಕ್ಕೆ 1,200 ಆಯಿತು. ಕೊಡುವುದಿಲ್ಲ ಎಂದ ಐದು ಪರ್ಸೆಂಟೂ ಅಷ್ಟೇ! ಮುಂಬಾಗಿಲಲ್ಲಿ ತಡೆದದ್ದನ್ನು ಹಿತ್ತಿಲ ಬಾಗಿಲಿನಿಂದ ಕೊಟ್ಟಂತಾಯಿತು. ಅಷ್ಟು ಖರ್ಚು ಮಾಡಿಯೂ ಗಿರಾಕಿಗೆ ಅದರ ಉಪಯೋಗವಿಲ್ಲ, ಏಕೆಂದರೆ ಉಡುಗೊರೆ ಸೀರೆಗೆ ಫಾಲ್ಸ್ ಹಾಕಿಸಿ ಕೊಡುವವರು ಕಡಿಮೆ. ಮನೆಯ ಹೆಂಗಸರು ತಾವೇ ಉಡಲಿರುವ ಐದು ಸೀರೆಗೆ ಮಾತ್ರ ಹಾಕಿಸಿಕೊಟ್ಟರೆ 300 ರೂಪಾಯಿಯಲ್ಲಿ ಮುಗಿಯುತ್ತದೆ. ಮದುವೆಯ ಓಡಾಟದಲ್ಲಿ ಟೈಲರ್ ಹತ್ತಿರ ಎರಡು ಸಲ ಹೋಗುವ ಕೆಲಸವೂ ಅವರಿಗೆ ತಪ್ಪುತ್ತದೆ.

ಬದಲಾಯಿಸಿಕೊಡುವ ಮಾತು ಇದಕ್ಕಿಂತಲೂ ಒಳ್ಳೆಯದು. ಉಡುಗೊರೆಗೆ ಎಷ್ಟು ಸೀರೆ ಬೇಕೆಂದು ಯಾವ ಮನೆಯಲ್ಲೂ ಮೊದಲೇ ಖಚಿತವಾಗುವುದಿಲ್ಲ. ಕರೆದವರು ಬರುವುದಿಲ್ಲ, ಕರೆಯದವರು ಬರುತ್ತಾರೆ. ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಎರಡು ಹೆಚ್ಚೇ ತೆಗೆಯುತ್ತಾರೆ, ಮಿಕ್ಕಿದ್ದು ಬೀರುವಿನಲ್ಲಿ ಉಳಿಯುತ್ತದೆ. ಎರಡು ಸೀರೆ ಮಿಕ್ಕರೆ ಅವರ ಪಾಲಿಗೆ 2,400 ರೂಪಾಯಿ ಕಟ್ಟಿಹಾಕಿದಂತೆ, ಅಂದರೆ ಅವರು ಕೇಳಿದ ರಿಯಾಯಿತಿಯ ಎರಡರಷ್ಟು. ಅಂಗಡಿಗಾದರೋ ಮಡಿಕೆ ಕೆಡದ ಸೀರೆ ವಾಪಸ್ ಕಪಾಟಿಗೆ ಹೋಗುತ್ತದೆ. ಬದಲಾಯಿಸಲು ಬಂದವರು ಬರಿಗೈಯಲ್ಲಿ ಹೋಗುವುದೂ ಅಪರೂಪ, ಮೇಲೆ ಮುನ್ನೂರು ಐನೂರು ಸೇರಿಸಿ ಇನ್ನೊಂದನ್ನು ತೆಗೆಯುತ್ತಾರೆ.

ಆದರೆ ಇದರಲ್ಲೂ ಷರತ್ತುಗಳಿವೆ, ಅವನ್ನು ಅಲ್ಲೇ ಹೇಳದಿದ್ದರೆ ಜಗಳ ಮುಂದಕ್ಕೆ ಹೋಯಿತಷ್ಟೇ. ಬ್ಲೌಸ್ ಪೀಸ್ ಕತ್ತರಿಸಿರಬಾರದು, ಬೆಲೆಚೀಟಿ ಇರಬೇಕು, ಅರಿಶಿನ ಕುಂಕುಮದ ಕಲೆ ಆಗಿರಬಾರದು, ದುಡ್ಡು ವಾಪಸ್ ಇಲ್ಲ. ಅಂಗಡಿಯವರೂ ಪಂಚಾಂಗ ನೋಡಿಕೊಳ್ಳಬೇಕು. ಜ್ಯೇಷ್ಠದ ಕೊನೆಯ ಮುಹೂರ್ತದ ಮದುವೆಯಾದರೆ ವಾಪಸ್ ಬರುವ ಸೀರೆ ಆಷಾಢದಲ್ಲಿ ಬಂದು ಬೀಳುತ್ತದೆ. ಆ ತಿಂಗಳು ಮದುವೆಯ ವ್ಯಾಪಾರವಿಲ್ಲ. ಅಂಥ ಹೊತ್ತಿನಲ್ಲಿ ಹದಿನೈದು ದಿನದ ಬದಲು ಒಂದು ವಾರ ಎನ್ನುವುದು, ಅಥವಾ ಮೂರು ಸೀರೆಯವರೆಗೆ ಮಾತ್ರ ಎನ್ನುವುದು ಜಾಣತನ.

ಇನ್ನೊಂದು ದಾರಿ ಪ್ರಮಾಣದ್ದು. "ನೂರಕ್ಕೆ ಎಂಟು ಬೇಕಾದ್ರೆ ಮೂವತ್ತು ಸೀರೆಗೆ ಕೊಡಬಹುದು. ಗಂಡಿನ ಕಡೆಯವರದ್ದೂ ಸೇರಿಸಿ ತೆಗೀತೀರಾ?" ಎಂದು ಕೇಳಬಹುದು. 30 ಸೀರೆಯ 36,000ದಲ್ಲಿ ಎಂಟು ಪರ್ಸೆಂಟ್ ಬಿಟ್ಟರೆ 33,120. ಅಸಲು 27,000 ಕಳೆದು 6,120 ಉಳಿಯುತ್ತದೆ. 20 ಸೀರೆಗೆ ಐದು ಬಿಟ್ಟಾಗ ಉಳಿಯುತ್ತಿದ್ದದ್ದು 4,800. ಹತ್ತು ಸೀರೆ ಹೆಚ್ಚು ಹೋಯಿತೆಂದು ಆ ತಿಂಗಳ ಬಾಡಿಗೆಯೇನೂ ಏರುವುದಿಲ್ಲ. ಇಲ್ಲಿ ಮುಖ್ಯವಾದದ್ದು ಕೊಟ್ಟ ಮೂರು ಪರ್ಸೆಂಟಿಗೆ ಪ್ರತಿಯಾಗಿ ಏನೋ ಬಂದಿದೆ ಎಂಬುದು. ಕೇಳಿದ್ದಕ್ಕೇ ಕೊಟ್ಟರೆ ಮೊದಲು ಹೇಳಿದ ಬೆಲೆ ಸುಳ್ಳಾಗಿತ್ತು ಎಂದು ಅಂಗಡಿಯವರೇ ಒಪ್ಪಿಕೊಂಡಂತೆ. ಆಮೇಲೆ ಆ ಗಿರಾಕಿ ಮಾತ್ರವಲ್ಲ, ಅವರ ಪಕ್ಕದ ಮನೆಯವರೂ ಹತ್ತರಿಂದಲೇ ಚೌಕಾಸಿ ಶುರುಮಾಡುತ್ತಾರೆ.

ಪರ್ಯಾಯ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಆಗುತ್ತದೆ: "ಒಂದು ಸೀರೆಗೆ ಎಷ್ಟರೊಳಗೆ ಅಂತ ಅಂದ್ಕೊಂಡು ಬಂದಿದ್ರಿ?" ಇದಕ್ಕೆ "ಸಾವಿರದೊಳಗೆ ಮುಗಿಸೋಣ ಅಂತಿದ್ವಿ" ಎಂದು ಅಂಕಿಯೊಂದು ಬಂದರೆ ಅವರ ಕೈ ನಿಜವಾಗಿ ಬಿಗಿ ಇದೆ. ಅವರಿಗೆ ಕೊಸರು ಬೇಡ, 1,000 ರೂಪಾಯಿಯ ಬೇರೆ ಮಾಲು ಬೇಕು. "ಹತ್ತಿರದವರಿಗೆ ಎಂಟು ಸೀರೆ ಇದರಲ್ಲೇ ಇಟ್ಟುಕೊಳ್ಳಿ. ಉಳಿದ ಹನ್ನೆರಡನ್ನ ಸಾವಿರದ ಮಾಲಿನಲ್ಲಿ ತೋರಿಸ್ತೀನಿ, ಬಣ್ಣ ಇದೇ ಥರ ಇವೆ" ಎಂದರೆ ಬಿಲ್ಲು ತಾನಾಗಿ 2,400 ಇಳಿಯುತ್ತದೆ. ಅಂಗಡಿಯ ದರ ಅಲುಗಲಿಲ್ಲ, ತಾಯಿಯ ಲೆಕ್ಕವೂ ಕೂಡಿತು. ಅಂಕಿ ಹೇಳದೆ "ಅದೆಲ್ಲ ಏನಿಲ್ಲ, ನೀವು ಇನ್ನೂ ಸ್ವಲ್ಪ ಬಿಡಿ" ಎಂದರೆ ಅದು ಅಭ್ಯಾಸದ ಚೌಕಾಸಿ. ಅದರಲ್ಲಿ ತಪ್ಪೇನಿಲ್ಲ, ಕೇಳದೆ ಕೊಂಡರೆ ಮನೆಗೆ ಹೋಗಿ ಅತ್ತೆಯ ಹತ್ತಿರ ಮಾತು ಕೇಳಬೇಕಾಗುತ್ತದೆ! ಅವರಿಗೆ ಬೇಕಾಗಿರುವುದು ಮನೆಯಲ್ಲಿ ಹೇಳಿಕೊಳ್ಳಲು ಒಂದು ಗೆಲುವು. ಐದು ಸೀರೆಯ ಫಾಲ್ಸ್ ಆ ಗೆಲುವಾಗಬಹುದು.

"ಬೇರೆ ಕಡೆ ಕಡಿಮೆಗೆ ಸಿಕ್ಕರೆ ಅಲ್ಲೇ ತಗೊಳ್ಳಿ" ಎಂಬುದು ಎರಡನೆಯ ಒರಟು ಉತ್ತರ. ಗಿರಾಕಿ ಮೊಬೈಲಿನಲ್ಲಿ 950 ರೂಪಾಯಿಯ ಅದೇ ಬಣ್ಣದ ಸೀರೆ ತೋರಿಸಿದಾಗ ಬಾಯಿಗೆ ಬರುವುದು ಇದೇ. ಬದಲು, "ಕೊಡಿ ನೋಡೋಣ" ಎಂದು ಫೋನು ಕೈಗೆ ತೆಗೆದುಕೊಳ್ಳುವುದು ಒಳ್ಳೆಯದು. ಎರಡು ಸಂಗತಿ ಅಲ್ಲೇ ಓದಿ ತೋರಿಸಬಹುದು. ಒಂದು ಉದ್ದ: ಬ್ಲೌಸ್ ಪೀಸ್ ಸೇರಿದ ಸೀರೆ ಸಾಮಾನ್ಯವಾಗಿ 6.3 ಮೀಟರ್ ಹತ್ತಿರ ಇರುತ್ತದೆ, ಬ್ಲೌಸ್ ಇಲ್ಲದ್ದು 5.5 ಮೀಟರ್. ಇನ್ನೊಂದು ನೂಲು: ಹೆಸರಿನಲ್ಲಿ ಸಿಲ್ಕ್ ಎಂದಿದ್ದು ವಿವರದಲ್ಲಿ ಪಾಲಿಯೆಸ್ಟರ್ ಎಂದು ಇರುವುದು ಹೊಸತಲ್ಲ. ಅಪ್ಪಟ ರೇಷ್ಮೆಯ ಮಾತಾದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಬಹುದು. "ಅಮ್ಮಾ, ಇದರಲ್ಲಿ ಬ್ಲೌಸ್ ಇಲ್ಲ, ನೂಲೂ ಬೇರೆ. ಆ ಥರದ್ದೇ ಬೇಕಂದ್ರೆ ನಮ್ಮಲ್ಲಿ ಒಂಬೈನೂರಕ್ಕೂ ಇದೆ, ತೋರಿಸ್ತೀನಿ. ಇದೇ ಬೇಕಂದ್ರೆ ಈ ಬೆಲೆಯೇ." ಒಂದು ವೇಳೆ ಎಲ್ಲವೂ ಒಂದೇ ಆಗಿದ್ದು ಅಲ್ಲಿ ನಿಜಕ್ಕೂ ಅಗ್ಗವಿದ್ದರೆ? ಹಾಗೆಂದು ಒಪ್ಪಿಕೊಳ್ಳುವುದೇ ಸರಿ. "ಅವರು ಆ ಬೆಲೆಗೆ ಕೊಡ್ತಿದ್ದಾರೆ, ನನಗೆ ಆಗಲ್ಲ. ನನ್ನಲ್ಲಿ ನೀವು ಮುಟ್ಟಿ ನೋಡಿ ತಗೋತೀರಿ, ಮಿಕ್ಕಿದ್ದನ್ನ ಬದಲಾಯಿಸಿಕೋತೀರಿ." ಅಲ್ಲಿಗೆ ಬಿಡಬೇಕು. ಎದುರಿನ ಅಂಗಡಿಯ ಮಾಲನ್ನು ಹೀಯಾಳಿಸಿದರೆ ಆರಿಸಲು ಬಂದವರ ಕಣ್ಣನ್ನೇ ಹೀಯಾಳಿಸಿದಂತೆ.

ಇನ್ನು ಎಲ್ಲ ಅಂಗಡಿಗಳಲ್ಲೂ ಕೇಳುವ "ನಮಗೆ ಅಸಲೇ ಅಷ್ಟು ಬೀಳುತ್ತೆ" ಎಂಬ ಮಾತು. ಇದು ಒರಟಲ್ಲ, ಆದರೆ ಒರಟಿಗಿಂತ ಕೆಟ್ಟದ್ದು. ಅಸಲಿಗೇ ಮಾರಲು ಯಾರೂ ಅಂಗಡಿ ಇಟ್ಟಿಲ್ಲವೆಂದು ಕೊಳ್ಳುವವರಿಗೆ ಗೊತ್ತು. ಆ ಮಾತು ಆಡಿದ ಮೇಲೂ ನೂರು ರೂಪಾಯಿ ಇಳಿಸಿದರೆ ಅಂದಿನಿಂದ ಆ ಅಂಗಡಿಯ ಯಾವ ಬೆಲೆಗೂ ನಂಬಿಕೆ ಇಲ್ಲ. "ಈ ಮಾಲಿನಲ್ಲಿ ಐದರ ಮೇಲೆ ಬಿಟ್ಟರೆ ನಮಗೆ ಗಿಟ್ಟಲ್ಲ" ಎನ್ನುವುದು ನಿಜ, ಮತ್ತು ಸಾಕು. ಬಾಡಿಗೆ ಏರಿತು, ಹುಡುಗರು ಸಂಬಳ ಜಾಸ್ತಿ ಕೇಳುತ್ತಾರೆ ಎಂದು ಕಾರಣಗಳ ಸಾಲು ಹಿಡಿದರೆ ಒಂದೊಂದು ಕಾರಣಕ್ಕೂ ಗಿರಾಕಿಯ ಹತ್ತಿರ ಒಂದೊಂದು ಉತ್ತರ ಇರುತ್ತದೆ. ಇದರ ಅಣ್ಣ "ನೋಡೋಣ ಬಿಡಿ". ಬೇಸರವಾಗದಿರಲಿ ಎಂದು ಹೇಳುವ ಮಾತು ಅದು, ಕೇಳಿದವರ ಕಿವಿಗೆ 'ಕೊಡುತ್ತೇನೆ' ಎಂದೇ ಬೀಳುತ್ತದೆ. ಬಿಲ್ಲಾಗುವಾಗ ಇಲ್ಲ ಎಂದರೆ ಮಾತು ತಪ್ಪಿದಂತೆ.

ವಾಟ್ಸ್ಆ್ಯಪ್‌ನಲ್ಲಿ ಕೇಳಿದಾಗ ಇನ್ನೂ ಎಚ್ಚರ ಬೇಕು. ಎದುರಿಗಿದ್ದರೆ ನಗು ಒರಟನ್ನು ಅರ್ಧ ಮುಚ್ಚುತ್ತದೆ, ಪರದೆಯ ಮೇಲೆ ಅದೂ ಇಲ್ಲ. "ಲಾಸ್ಟ್ ರೇಟ್ ಅದೇ ಮೇಡಂ" ಎಂಬ ನಾಲ್ಕು ಪದ ಬಾಗಿಲು ಹಾಕಿದ ಸದ್ದಿನಂತೆ ಕೇಳಿಸುತ್ತದೆ. ಹೀಗೆ ಬರೆಯಬಹುದು: "ನಮಸ್ಕಾರ ಮೇಡಂ. ನೀವು ಆರಿಸಿದ 20 ಸೀರೆಗೆ ಐದು ಪರ್ಸೆಂಟ್ ಕಳೆದು 22,800 ರೂಪಾಯಿ ಆಗುತ್ತದೆ. ಇದಕ್ಕಿಂತ ಕಡಿಮೆಗೆ ಕೊಡಲು ಆಗುವುದಿಲ್ಲ. ಮದುವೆಯ ನಂತರ 15 ದಿನದೊಳಗೆ ಮೂರು ಸೀರೆಯವರೆಗೆ ಬದಲಾಯಿಸಿಕೊಡುತ್ತೇವೆ, ಅಥವಾ 30 ಸೀರೆ ತೆಗೆದರೆ ಎಂಟು ಪರ್ಸೆಂಟ್ ಕೊಡುತ್ತೇವೆ. ಯಾವುದು ಅನುಕೂಲ ತಿಳಿಸಿ. ಶನಿವಾರದವರೆಗೆ ಈ ಸೀರೆಗಳನ್ನು ನಿಮಗಾಗಿ ಎತ್ತಿಟ್ಟಿರುತ್ತೇವೆ." ಎರಡಕ್ಕಿಂತ ಹೆಚ್ಚು ಆಯ್ಕೆ ಬೇಡ, ಓದುವವರು ಮುಂದೂಡುತ್ತಾರೆ. "ದಯವಿಟ್ಟು ಕ್ಷಮಿಸಿ, ತುಂಬಾ ಬೇಸರವಾಗುತ್ತದೆ" ಎಂದು ಸುರಿಯುವುದೂ ಬೇಡ. ಅತಿಯಾದ ಕ್ಷಮೆಯಲ್ಲಿ ಇನ್ನೂ ಸ್ವಲ್ಪ ಒತ್ತಿದರೆ ಇಳಿಯುತ್ತಾರೆ ಎಂಬ ಸೂಚನೆ ಇದೆ.

ಒಂದು ಬೇಡಿಕೆಗೆ ಮಾತ್ರ ಪರ್ಯಾಯವಿಲ್ಲ. "ಬಿಲ್ ಬೇಡ, ಟ್ಯಾಕ್ಸ್ ಬಿಟ್ಟು ಕೊಡಿ" ಎಂಬುದು. ಜಿಎಸ್‌ಟಿ ನೋಂದಣಿ ಇರುವ ಅಂಗಡಿ 200 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮಾರಾಟಕ್ಕೆ ಬಿಲ್ಲು ಕೊಡಲೇಬೇಕು. ಇದಕ್ಕೂ "ಏನ್ ಮೇಡಂ, ಕಳ್ಳ ವ್ಯಾಪಾರ ಮಾಡು ಅಂತೀರಾ" ಎಂದು ಎಗರಬೇಕಾಗಿಲ್ಲ. "ಬಿಲ್ ಇಲ್ಲದೆ ಕೊಟ್ಟರೆ ನಾಳೆ ಬದಲಾಯಿಸೋಕೆ ಬಂದಾಗ ನಿಮ್ಮ ಕೈಯಲ್ಲಿ ಆಧಾರ ಇರಲ್ಲ ಅಮ್ಮಾ, ನನಗೂ ಹಾಗೆ ಮಾರೋಕೆ ಬರಲ್ಲ. ಬಿಟ್ಟಿರೋ ಐದನ್ನ ಬಿಲ್ಲಿನಲ್ಲೇ ಹಾಕ್ತೀನಿ" ಎಂದರಾಯಿತು. ಹಾಗೆ ಹಾಕುವುದರಲ್ಲಿ ಅಂಗಡಿಗೂ ಒಳಿತಿದೆ. ಮಾರುವಾಗಲೇ ಕೊಟ್ಟ ರಿಯಾಯಿತಿ ಬಿಲ್ಲಿನಲ್ಲಿ ನಮೂದಾಗಿದ್ದರೆ ಅದನ್ನು ಕಳೆದು ಉಳಿದ ಬೆಲೆಗೆ ಮಾತ್ರ ತೆರಿಗೆ.

ಇಷ್ಟೆಲ್ಲ ಸರಿಯಾಗಿ ಹೇಳಿದರೂ ಕೆಡುವುದು ಯಜಮಾನರಿಂದಲೇ. ಸೀರೆ ತೋರಿಸಿದ ಹುಡುಗ ಐದು ಎನ್ನುತ್ತಾನೆ, ಗಿರಾಕಿ "ನಿಮ್ಮ ಸಾಹುಕಾರರನ್ನ ಕರೀರಿ" ಎನ್ನುತ್ತಾರೆ, ಗಲ್ಲಾದಿಂದ ಎದ್ದು ಬಂದ ಯಜಮಾನರು ದೊಡ್ಡತನ ತೋರಿಸಿ ಏಳು ಎನ್ನುತ್ತಾರೆ. ಆ ಹುಡುಗನ ಮಾತಿಗೆ ಇನ್ನು ಮೇಲೆ ಬೆಲೆ ಇಲ್ಲ. ಎಲ್ಲ ಗಿರಾಕಿಗಳೂ ಗಲ್ಲಾದ ಹತ್ತಿರವೇ ಬಂದು ನಿಲ್ಲುತ್ತಾರೆ. ಹುಡುಗನಿಗೆ ಬೆಳಿಗ್ಗೆಯೇ ಮಿತಿ ಹೇಳಿರಬೇಕು, ಕೊಡಬಹುದಾದ ಎರಡು ಪರ್ಯಾಯಗಳನ್ನೂ ಅವನ ಕೈಗೆ ಕೊಟ್ಟಿರಬೇಕು. ಕರೆದಾಗ ಯಜಮಾನರು ಬಂದು "ನಮ್ಮ ಹುಡುಗ ಹೇಳಿದ್ದೇ ಬೆಲೆ ಅಮ್ಮಾ. ಫಾಲ್ಸ್ ಹಾಕಿದ ಸೀರೆಗಳನ್ನ ಮಾತ್ರ ಶುಕ್ರವಾರ ಮನೆಗೇ ಕಳಿಸಿಕೊಡ್ತೀನಿ" ಎಂದರೆ ಅವರ ಮಾತಿಗೂ ಗೌರವ, ಅವನ ಮಾತಿಗೂ.

"ಸರಿ, ಆ ಫಾಲ್ಸ್ ಬೇಡ, ಅದರ ದುಡ್ಡು ಕಡಿಮೆ ಮಾಡಿ" ಎಂದು ಪರ್ಯಾಯವನ್ನೇ ನಗದು ಮಾಡಿಕೊಳ್ಳಲು ನೋಡುವವರೂ ಇದ್ದಾರೆ. "ಅದು ನಮ್ಮ ಟೈಲರ್ ಕೆಲಸ ಅಮ್ಮಾ, ದುಡ್ಡಿನ ಲೆಕ್ಕಕ್ಕೆ ಬರಲ್ಲ. ಬೇಡ ಅಂದ್ರೆ ಬಿಡಿ, ಬೆಲೆ ಇಷ್ಟೇ" ಎಂದು ಅಲ್ಲೇ ನಿಲ್ಲಿಸಬೇಕು. ಮೂರನೆಯ ಸಲ ಕೇಳಿದಾಗ ಹೊಸ ಕಾರಣವೂ ಬೇಡ, ಹೊಸ ಪರ್ಯಾಯವೂ ಬೇಡ. ಅದೇ ಮಾತು, ಅದೇ ದನಿ, ಇನ್ನೂ ಚಿಕ್ಕದಾಗಿ. ಪ್ರತಿ ಸಲ ಕೇಳಿದಾಗಲೂ ಹೊಸದೊಂದು ಸಿಗುತ್ತದೆ ಎಂದಾದರೆ ನಾಲ್ಕನೆಯ ಸಲವೂ ಕೇಳುತ್ತಾರೆ. ಅಷ್ಟಾದ ಮೇಲೂ ಎದ್ದು ಹೊರಟರೆ ಹೋಗಲು ಬಿಡಬೇಕು. 480 ರೂಪಾಯಿ ನಷ್ಟದ ವ್ಯಾಪಾರಕ್ಕಿಂತ ಆಗದ ವ್ಯಾಪಾರವೇ ಮೇಲು. "ಸಂಜೆಯವರೆಗೂ ಇವನ್ನ ಮಡಿಸಿ ಒಳಗೆ ಇಡಲ್ಲ, ಬೇಕಾದ್ರೆ ಬನ್ನಿ" ಎಂದು ಕಳಿಸಿದರೆ ವಾಪಸ್ ಬರಲು ಅವರಿಗೆ ಸಂಕೋಚವಿರುವುದಿಲ್ಲ.

ಕೊಳ್ಳಲು ಹೋಗುವವರಿಗೂ ಒಂದು ಮಾತು. ಐದರ ಮೇಲೆ ಇಳಿಯದ ಅಂಗಡಿಯಲ್ಲಿ ಪರ್ಸೆಂಟ್ ಬಿಟ್ಟು ಬೇರೆಯದನ್ನು ಕೇಳಿ ನೋಡಿ, ಬದಲಾವಣೆ, ಫಾಲ್ಸ್, ಮನೆಗೆ ತಲುಪಿಸುವುದು. ಅವರು ಒಪ್ಪಿದ್ದನ್ನು ಬಾಯಿಮಾತಿನಲ್ಲಿ ಬಿಡದೆ, ಎಷ್ಟು ಸೀರೆ, ಎಷ್ಟು ದಿನ ಎಂದು ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ.